ಡೀಸೆಲ್ ತಾನಾಗಿ ಹೊತ್ತಿಕೊಳ್ಳುವುದು ಹೇಗೆ? ಸೀಟೇನ್ ಸಂಖ್ಯೆ ಅಳೆಯುವುದು ಏನನ್ನು?

ಆಟೊಮೊಬೈಲ್ ಡಿಪ್ಲೊಮಾದ ಎಂಜಿನ್ ವಿಷಯ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ಸ್ಟ್ರೋಕ್‌ಗಳ ಕ್ರಮ ನಿಮಗೆ ಗೊತ್ತಿದೆ ಎಂದುಕೊಂಡು ನೇರವಾಗಿ ಲೆಕ್ಕಕ್ಕೆ ಬರುತ್ತೇನೆ.

ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದಾಗ ಅದರ ತಳ ಕೈಗೆ ಬಿಸಿಯಾಗಿ ತಗಲುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ನಡೆಯುವುದೂ ಅದೇ. ನಮ್ಮ ಲ್ಯಾಬಿನ ಒಂದು ಸಿಲಿಂಡರಿನ ಎಂಜಿನ್ನಿಗೆ ಕಂಪ್ರೆಷನ್ ರೇಷಿಯೊ 17.5. ಅಂದರೆ ಸಿಲಿಂಡರ್ ತುಂಬಿದ ಗಾಳಿಯನ್ನು ಪಿಸ್ಟನ್ ಹದಿನೇಳೂವರೆಯಲ್ಲಿ ಒಂದು ಪಾಲು ಜಾಗಕ್ಕೆ ಒತ್ತುತ್ತದೆ. ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತುವಾಗ ಸಿಲಿಂಡರಿನಲ್ಲಿ ಇಂಧನವೂ ಇಲ್ಲ, ಬರೀ ಗಾಳಿ. ಲೆಕ್ಕ ಹೀಗೆ:

```
T2 = T1 × r^(n−1)
T1 = 27 °C = 300 K,  r = 17.5,  n = 1.35
T2 = 300 × 17.5^0.35 = 300 × 2.72 ≈ 817 K ≈ 544 °C
```

ಇಲ್ಲಿ ಎರಡು ಎಚ್ಚರ. ಉಷ್ಣತೆಯನ್ನು ಕೆಲ್ವಿನ್‌ನಲ್ಲಿಯೇ ಹಾಕಬೇಕು. 27 ಅನ್ನು 2.72ರಿಂದ ಗುಣಿಸಿದರೆ 73 ಡಿಗ್ರಿ ಬರುತ್ತದೆ, ಅಷ್ಟರಲ್ಲಿ ಏನೂ ಹೊತ್ತುವುದಿಲ್ಲ. ಎರಡನೆಯದು, n ಬೆಲೆ. ಒಂದಿಷ್ಟೂ ಶಾಖ ಸೋರದಿದ್ದರೆ ಅದು 1.4, ಆಗ 670 ಡಿಗ್ರಿ ಸಿಗುತ್ತದೆ. ನಿಜವಾದ ಎಂಜಿನ್ನಿನಲ್ಲಿ ಸಿಲಿಂಡರ್ ಗೋಡೆ ಶಾಖ ಎಳೆದುಕೊಳ್ಳುವುದರಿಂದ 1.35ರ ಆಸುಪಾಸು ಹಿಡಿಯುತ್ತೇವೆ.

ಈಗ ನನ್ನನ್ನು ಎರಡು ವಾರ ಕಾಡಿದ ಪ್ರಶ್ನೆ. ಕೋಷ್ಟಕದಲ್ಲಿ ಡೀಸೆಲ್ಲಿನ ಸ್ವಯಂದಹನ ಉಷ್ಣತೆ ಸುಮಾರು 210 ಡಿಗ್ರಿ ಎಂದಿದೆ. ಅಷ್ಟಕ್ಕೇ ಹೊತ್ತಿಕೊಳ್ಳುವ ಇಂಧನಕ್ಕೆ 544 ಡಿಗ್ರಿಯ ಗಾಳಿ ಏಕೆ ಬೇಕು? ಕಂಪ್ರೆಷನ್ ರೇಷಿಯೊವನ್ನು ಏಳಕ್ಕೋ ಎಂಟಕ್ಕೋ ಇಳಿಸಿ ಹಗುರವಾದ ಎಂಜಿನ್ ಮಾಡಬಹುದಿತ್ತಲ್ಲ?

ಉತ್ತರ ಸಿಕ್ಕಿದ್ದು ಆ 210 ಅನ್ನು ಹೇಗೆ ಅಳೆಯುತ್ತಾರೆ ಎಂದು ಹುಡುಕಿದಾಗ. ಬಿಸಿ ಮಾಡಿದ ಗಾಜಿನ ಫ್ಲಾಸ್ಕಿನೊಳಗೆ ಸ್ವಲ್ಪ ಇಂಧನ ಬಿಟ್ಟು, ಕತ್ತಲಲ್ಲಿ ಜ್ವಾಲೆ ಕಾಣುತ್ತದೆಯೇ ಎಂದು ಹತ್ತು ನಿಮಿಷದವರೆಗೂ ಕಾಯುತ್ತಾರೆ. ಅಷ್ಟು ಹೊತ್ತು ಕಾದರೂ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಉಷ್ಣತೆಯೇ ಆ ಸಂಖ್ಯೆ. ಎಂಜಿನ್ನಿಗೆ ನಿಮಿಷಗಳೆಲ್ಲಿವೆ? ನಮ್ಮ ಎಂಜಿನ್ 1500 ಆರ್‌ಪಿಎಂನಲ್ಲಿ ಓಡುವಾಗ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಹಿಡಿಯುವುದು ಸೆಕೆಂಡಿನ ಒಂಬತ್ತು ಸಾವಿರದಲ್ಲಿ ಒಂದು ಭಾಗ. ಪಿಸ್ಟನ್ ಮೇಲಿನ ತುದಿ ಮುಟ್ಟಲು 23 ಡಿಗ್ರಿ ಇರುವಾಗ ಇಂಜೆಕ್ಟರ್ ಡೀಸೆಲ್ ಚಿಮ್ಮಿಸುತ್ತದೆ. ಪ್ರೆಷರ್ ಗ್ರಾಫಿನಲ್ಲಿ ಗೆರೆ ಥಟ್ಟನೆ ಮೇಲೇಳುವುದು ಅದಾದ ಸುಮಾರು 11 ಡಿಗ್ರಿಗೆ. ಅಂದರೆ 1.2 ಮಿಲಿಸೆಕೆಂಡ್. ಅಷ್ಟರೊಳಗೆ ಹನಿ ಒಡೆಯಬೇಕು, ಆವಿಯಾಗಬೇಕು, ಗಾಳಿಯೊಡನೆ ಬೆರೆಯಬೇಕು, ಉದ್ದನೆಯ ಅಣುಗಳು ಆಮ್ಲಜನಕದೊಡನೆ ಸೇರಿ ಪೆರಾಕ್ಸೈಡ್‌ಗಳಾಗಿ, ಅವು ಮುರಿದು ಬೆಂಕಿಯ ಸರಪಳಿ ಶುರುವಾಗಬೇಕು. ಉಷ್ಣತೆ ಮತ್ತು ಒತ್ತಡ ಏರಿದಷ್ಟೂ ಈ ಕೆಲಸಗಳು ಬೇಗ ಮುಗಿಯುತ್ತವೆ. ಹೆಚ್ಚುವರಿ ಮುನ್ನೂರು ಡಿಗ್ರಿ ಬೇಕಾಗಿರುವುದು ಹೊತ್ತಿಸುವುದಕ್ಕಲ್ಲ, ಸಮಯಕ್ಕೆ ಸರಿಯಾಗಿ ಹೊತ್ತಿಸುವುದಕ್ಕೆ.

ಇದನ್ನು ಕೈಯಾರೆ ನೋಡಬೇಕೆಂದರೆ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವ ಹಳೆಯ ಎಂಜಿನ್ನಿನ ಮುಂದೆ ನಿಲ್ಲಿ. ತಲೆಯ ಮೇಲಿನ ಡಿಕಂಪ್ರೆಷನ್ ಲಿವರ್ ಒತ್ತಿಹಿಡಿದು ವಾಲ್ವ್ ತೆರೆದಿಟ್ಟು, ಫ್ಲೈವೀಲ್ ಚೆನ್ನಾಗಿ ವೇಗ ಹಿಡಿದ ಮೇಲಷ್ಟೇ ಲಿವರ್ ಬಿಡುತ್ತಾರೆ. ನಿಧಾನವಾಗಿ ತಿರುಗಿಸಿದರೆ ಒತ್ತಿದ ಗಾಳಿ ರಿಂಗ್‌ಗಳ ಸಂದಿಯಿಂದ ಸೋರುತ್ತದೆ, ಶಾಖ ಗೋಡೆಗೆ ಹೋಗುತ್ತದೆ. ಆಗ n ಬೆಲೆ 1.25ಕ್ಕೆ ಇಳಿಯಿತು ಎಂದುಕೊಳ್ಳಿ. ಚಳಿಗಾಲದ ಬೆಳಗ್ಗೆ 17 ಡಿಗ್ರಿ ಗಾಳಿಗೆ ಅದೇ ಸೂತ್ರ ಹಾಕಿದರೆ ಸುಮಾರು 320 ಡಿಗ್ರಿ ಬರುತ್ತದೆ. 210ಕ್ಕಿಂತ ಇದು ಎಷ್ಟೋ ಹೆಚ್ಚು. ಆದರೂ ಎಂಜಿನ್ ಹಿಡಿಯದೆ, ಸೈಲೆನ್ಸರಿನಿಂದ ಬಿಳಿ ಹೊಗೆ ಮಾತ್ರ ಬರುತ್ತದೆ. ಅದು ಹೊತ್ತುವ ಮುನ್ನವೇ ಪಿಸ್ಟನ್ ಕೆಳಗಿಳಿದು ಗಾಳಿ ತಣಿದು, ಸುಡದೆ ಹೊರಬಿದ್ದ ಡೀಸೆಲ್ಲಿನ ಆವಿ.

ಪೆಟ್ರೋಲ್ ಬೇಗ ಬೆಂಕಿ ಹಿಡಿಯುತ್ತದೆ, ಆದರೂ ಡೀಸೆಲ್ ಎಂಜಿನ್ನಿಗೆ ಅದೇಕೆ ಆಗದು ಎಂಬ ಗೊಂದಲವೂ ಇಲ್ಲಿಯೇ ಬಗೆಹರಿಯುತ್ತದೆ. ಪೆಟ್ರೋಲ್ ತಣ್ಣಗಿರುವಾಗಲೂ ಆವಿ ಬಿಡುತ್ತದೆ, ಆದ್ದರಿಂದ ಕಿಡಿ ತಾಕಿಸಿದರೆ ಭಗ್ಗೆನ್ನುತ್ತದೆ. ಅದು ಫ್ಲ್ಯಾಷ್ ಪಾಯಿಂಟಿನ ಮಾತು. ಕಿಡಿಯಿಲ್ಲದೆ, ಬರೀ ಬಿಸಿಗೆ ಅಣು ತಾನೇ ಮುರಿಯುವುದು ಬೇರೆ ಮಾತು. ಡೀಸೆಲ್ಲಿನ ಉದ್ದ ನೇರ ಸರಪಳಿಗಳು ಸುಲಭವಾಗಿ ಮುರಿಯುತ್ತವೆ. ಪೆಟ್ರೋಲಿನ ಕವಲೊಡೆದ ಅಣುಗಳೂ ಉಂಗುರದಂಥ ಅಣುಗಳೂ ತಡೆದು ನಿಲ್ಲುತ್ತವೆ. ಪೆಟ್ರೋಲಿಗೆ ಆ ತಡೆಯೇ ಗುಣ, ಅದನ್ನು ಆಕ್ಟೇನ್ ಅಳೆಯುತ್ತದೆ. ಡೀಸೆಲ್ಲಿಗೆ ಅದು ದೋಷ.

ಇಷ್ಟು ಹಿಡಿತಕ್ಕೆ ಬಂದರೆ ಸೀಟೇನ್ ಸಂಖ್ಯೆ ಹೊಸದಾಗಿ ಕಲಿಯುವ ವಿಷಯವೇ ಅಲ್ಲ. ಇಂಧನ ಚಿಮ್ಮಿದ ಗಳಿಗೆಯಿಂದ ಹೊತ್ತಿಕೊಳ್ಳುವವರೆಗಿನ ವಿಳಂಬವನ್ನೇ ಅದು ಅಳೆಯುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ವಿಳಂಬ ಕಡಿಮೆ. ಲೀಟರಿನಲ್ಲಿ ಎಷ್ಟು ಶಕ್ತಿಯಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಳೆಯುವ ರೀತಿ ನನಗೆ ಬಹಳ ಇಷ್ಟವಾಯಿತು. ಗಡಿಯಾರ ಹಿಡಿದು ವಿಳಂಬ ಎಷ್ಟಿದೆ ಎಂದು ನೋಡುವುದಿಲ್ಲ. ವಿಳಂಬವನ್ನು ಎಲ್ಲ ಇಂಧನಕ್ಕೂ ಒಂದೇ ಮಾಡಿಬಿಡುತ್ತಾರೆ. ಪರೀಕ್ಷೆಗೆಂದೇ ಇರುವ ಸಿಎಫ್‌ಆರ್ ಎಂಜಿನ್ 900 ಆರ್‌ಪಿಎಂನಲ್ಲಿ ಓಡುತ್ತದೆ. ಪಿಸ್ಟನ್ ಮೇಲ್ತುದಿ ಮುಟ್ಟುವ 13 ಡಿಗ್ರಿ ಮೊದಲು ಇಂಧನ ಚಿಮ್ಮುತ್ತದೆ. ಸರಿಯಾಗಿ ಮೇಲ್ತುದಿಯಲ್ಲಿ ಹೊತ್ತಿಕೊಳ್ಳಬೇಕು. ಲೆಕ್ಕ ಹಾಕಿದರೆ 13 ÷ 5400 ಸೆಕೆಂಡ್, ಅಂದರೆ 2.4 ಮಿಲಿಸೆಕೆಂಡ್. ಹಾಗೆ ಆಗುವವರೆಗೂ ಒಂದು ಕೈಚಕ್ರ ತಿರುಗಿಸಿ ಕಂಪ್ರೆಷನ್ ರೇಷಿಯೊ ಬದಲಿಸುತ್ತಾರೆ. ಮಂದ ಇಂಧನಕ್ಕೆ ಹೆಚ್ಚು ಒತ್ತಬೇಕು, ಚುರುಕು ಇಂಧನಕ್ಕೆ ಕಡಿಮೆ ಸಾಕು.

ಆಮೇಲೆ ಅಳತೆ ಗೊತ್ತಿರುವ ಎರಡು ಮಿಶ್ರಣಗಳ ನಡುವೆ ನಮ್ಮ ಡೀಸೆಲ್ಲನ್ನು ಕೂರಿಸುತ್ತಾರೆ. ನೇರ ಸರಪಳಿಯ ಹೆಕ್ಸಾಡೆಕೇನ್, ಅಂದರೆ ಸೀಟೇನ್, ಅದಕ್ಕೆ 100. ಕವಲುಗಳೇ ತುಂಬಿದ ಹೆಪ್ಟಾಮೀಥೈಲ್‌ನೋನೇನ್‌ಗೆ 15. ಸೊನ್ನೆ ಏಕಲ್ಲ ಎಂದರೆ, ಮೊದಲು ಸೊನ್ನೆಯ ಸ್ಥಾನದಲ್ಲಿದ್ದದ್ದು ಬೇರೊಂದು ದ್ರವ. 1962ರಲ್ಲಿ ಇದು ಬಂದಾಗ ಹಳೆಯ ಅಳತೆ ಕೆಡದಿರಲೆಂದು ಅದಕ್ಕೆ ತಕ್ಕ ಸಂಖ್ಯೆಯನ್ನೇ ಉಳಿಸಿಕೊಂಡರು. 40 ಪಾಲು ಸೀಟೇನ್, 60 ಪಾಲು ಇನ್ನೊಂದು ಬೆರೆಸಿದರೆ 40 + 0.15 × 60 = 49. 45ಕ್ಕೆ 55 ಬೆರೆಸಿದರೆ 53.25. ನಮ್ಮ ಮಾದರಿಯ ಕೈಚಕ್ರದ ಓದು ಈ ಎರಡರ ನಟ್ಟನಡುವೆ ಬಂದರೆ ಸೀಟೇನ್ ಸಂಖ್ಯೆ 51.1. ಭಾರತದ ಬಿಎಸ್-6 ಡೀಸೆಲ್ಲಿಗೆ ಕನಿಷ್ಠ ಮಿತಿ 51 ಆಗಿರುವುದರಿಂದ ಈ ಮಾದರಿ ಹತ್ತಿರದಲ್ಲೇ ಪಾಸಾಯಿತು.

ಸಂಖ್ಯೆ ಕಡಿಮೆಯಿದ್ದರೆ ಅದು ಕಿವಿಗೇ ಗೊತ್ತಾಗುತ್ತದೆ. ವಿಳಂಬ ಉದ್ದವಾದಾಗ ಇಂಜೆಕ್ಟರ್ ಚಿಮ್ಮಿಸುತ್ತಲೇ ಇರುತ್ತದೆ, ಸುಡದ ಡೀಸೆಲ್ ಒಳಗೆ ಜಮೆಯಾಗುತ್ತದೆ, ಕೊನೆಗೆ ಎಲ್ಲವೂ ಒಮ್ಮೆಲೇ ಹೊತ್ತಿ ಒತ್ತಡ ಥಟ್ಟನೆ ಏರುತ್ತದೆ. ತಣ್ಣಗಿನ ಎಂಜಿನ್ ಬೆಳಗ್ಗೆ ಕಟಕಟ ಎಂದು ಬಡಿದು, ಬಿಸಿಯಾದ ಮೇಲೆ ಮೆತ್ತಗಾಗುವುದು ಇದರಿಂದಲೇ. ಪೆಟ್ರೋಲ್ ಎಂಜಿನ್ನಿನ ನಾಕಿಂಗ್ ಇಂಧನ ಬೇಗ ಹೊತ್ತಿದ್ದರಿಂದ ಬರುತ್ತದೆ, ಡೀಸೆಲ್ಲಿನದು ತಡವಾಗಿ ಹೊತ್ತಿದ್ದರಿಂದ. ವೈವಾದಲ್ಲಿ ಇದನ್ನು ಅದಲುಬದಲು ಹೇಳುವವರು ಬಹಳ.

ಸೀಟೇನ್ ಇಂಡೆಕ್ಸ್ ಎಂಬುದನ್ನೂ ಪ್ರತ್ಯೇಕವಾಗಿ ನೆನಪಿಡಿ. ಅದು ಸಾಂದ್ರತೆ ಮತ್ತು ಕುದಿಯುವ ಉಷ್ಣತೆಗಳಿಂದ ಕಾಗದದ ಮೇಲೆ ಹಾಕುವ ಅಂದಾಜು. ವಿಳಂಬ ಕಡಿಮೆ ಮಾಡಲೆಂದು ಡೀಸೆಲ್ಲಿಗೆ ಎಥೈಲ್‌ಹೆಕ್ಸಿಲ್ ನೈಟ್ರೇಟ್ ಸ್ವಲ್ಪ ಬೆರೆಸುತ್ತಾರೆ. ಅದರಿಂದ ಸಾಂದ್ರತೆ ಬದಲಾಗುವುದೇ ಇಲ್ಲ ಎನ್ನಬಹುದು. ಹಾಗಾಗಿ ಕೈಚಕ್ರದ ಓದು ಬದಲಾಗುತ್ತದೆ, ಇಂಡೆಕ್ಸ್ ಇದ್ದಲ್ಲೇ ಇರುತ್ತದೆ.