ಆರು ತಂಡ, ಎಲ್ಲರೂ ಎಲ್ಲರ ಮೇಲೂ ಆಡಬೇಕು: ಪಂದ್ಯ 30 ಆಗುತ್ತೋ, 15 ಆಗುತ್ತೋ?

ಪ್ರಶ್ನೆ: ಕೋಲಾರ ಜಿಲ್ಲೆಯ ಆರು ತಾಲೂಕುಗಳಿಂದ ಒಂದೊಂದು ತಂಡ ಕರೆಸಿ ಕಬಡ್ಡಿ ಪಂದ್ಯಾವಳಿ ಮಾಡಬೇಕೆಂದಿದ್ದೇವೆ. ಪ್ರತಿ ತಂಡವೂ ಉಳಿದೆಲ್ಲ ತಂಡಗಳ ಜೊತೆ ಒಂದೊಂದು ಸಲ ಆಡಬೇಕು. ಒಟ್ಟು ಎಷ್ಟು ಪಂದ್ಯ ಎಂದರೆ ಒಬ್ಬರು 36 ಅಂತಾರೆ, ಒಬ್ಬರು 30, ಇನ್ನೊಬ್ಬರು 15. ಸೂತ್ರದಲ್ಲಿ ಕೊನೆಗೆ ಎರಡರಿಂದ ಭಾಗಿಸುವುದು ಯಾಕೆ? ಇನ್ನೂ ಒಂದು ತಂಡ ಬರುತ್ತೇವೆ ಎಂದರೆ ಎಷ್ಟು ದಿನ ಹೆಚ್ಚಾಗುತ್ತದೆ?

ಉತ್ತರ: 15 ಸರಿ. 36 ಮತ್ತು 30 ಎಲ್ಲಿಂದ ಬಂದವು ಎಂಬುದನ್ನು ನೋಡಿದರೆ ಎರಡರಿಂದ ಭಾಗಿಸುವುದು ಯಾಕೆಂಬುದೂ ತಿಳಿಯುತ್ತದೆ.

ಒಂದು ಹಾಳೆಯಲ್ಲಿ ಚೌಕದ ಕೋಷ್ಟಕ ಹಾಕಿ. ಎಡಗಡೆ ಮೇಲಿಂದ ಕೆಳಕ್ಕೆ ಕೋಲಾರ, ಮಾಲೂರು, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರ ಎಂದು ಬರೆಯಿರಿ. ಅದೇ ಆರು ಹೆಸರನ್ನು ಅದೇ ಕ್ರಮದಲ್ಲಿ ಮೇಲುಗಡೆ ಅಡ್ಡಕ್ಕೂ ಬರೆಯಿರಿ. ಒಳಗೆ 6 × 6, ಅಂದರೆ 36 ಮನೆಗಳಾದವು. 36 ಎಂದವರು ಎಣಿಸಿದ್ದು ಇದನ್ನೇ. ಆದರೆ ಮಾಲೂರಿನ ಸಾಲು ಮಾಲೂರಿನ ಕಂಬಕ್ಕೆ ಸೇರುವ ಮನೆಯಲ್ಲಿ ಪಂದ್ಯವೇ ಇಲ್ಲ, ತಂಡ ತನ್ನ ಮೇಲೆ ತಾನೇ ಆಡುವುದಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಇಂಥ ಆರು ಮನೆಗಳಿರುತ್ತವೆ, ಅವನ್ನು ಹೊಡೆದುಹಾಕಿ. ಉಳಿದದ್ದು 30. ಸೂತ್ರದಲ್ಲಿ n × (n − 1) ಎಂಬ ಭಾಗ ಇಷ್ಟೇ: ಆರು ತಂಡ, ಒಂದೊಂದಕ್ಕೂ ಐದು ಎದುರಾಳಿ.

ಈಗ ಮಾಲೂರಿನ ಸಾಲಿನಲ್ಲಿ ಮುಳಬಾಗಿಲಿನ ಮನೆಗೆ ಒಂದು ಗುರುತು ಹಾಕಿ. ಆಮೇಲೆ ಮುಳಬಾಗಿಲಿನ ಸಾಲಿಗೆ ಇಳಿದು ಮಾಲೂರಿನ ಮನೆ ಹುಡುಕಿ. ಎರಡೂ ಒಂದೇ ಪಂದ್ಯ. ಮಾಲೂರಿನವರ ಲೆಕ್ಕದಲ್ಲಿ ಒಮ್ಮೆ, ಮುಳಬಾಗಿಲಿನವರ ಲೆಕ್ಕದಲ್ಲಿ ಒಮ್ಮೆ ಬರೆದಿದ್ದೇವೆ. 30 ಮನೆಗಳಲ್ಲಿ ಪ್ರತಿಯೊಂದಕ್ಕೂ ಓರೆಗೆರೆಯ ಆಚೆ ಹೀಗೆ ಒಂದು ಜೋಡಿ ಸಿಗುತ್ತದೆ, ಒಂದೂ ತಪ್ಪುವುದಿಲ್ಲ. ಆದ್ದರಿಂದ ಪಂದ್ಯಗಳು ಸರಿಯಾಗಿ ಅರ್ಧ:

```
n × (n − 1) / 2
6 × 5 / 2 = 15
```

ಒಂದು ಸಭೆಯಲ್ಲಿ ಎಲ್ಲರೂ ಎಲ್ಲರ ಕೈ ಕುಲುಕಿದರೆ ಎಷ್ಟು ಸಲ ಎಂಬ ಲೆಕ್ಕವೂ ಇದೇ, ಒಂದು ಕೈಕುಲುಕಿಗೆ ಇಬ್ಬರು ಬೇಕು.

ಇಲ್ಲೊಂದು ಎಚ್ಚರಿಕೆ. ಪ್ರತಿ ಜೋಡಿ ಎರಡು ಸಲ ಆಡುವ ಪಂದ್ಯಾವಳಿಯಾದರೆ, ಅಂದರೆ ಒಮ್ಮೆ ಇವರ ಊರಲ್ಲಿ, ಒಮ್ಮೆ ಅವರ ಊರಲ್ಲಿ ಎಂದಾದರೆ, ಆ ಎರಡು ಮನೆಗಳು ನಿಜವಾಗಿಯೂ ಎರಡು ಪಂದ್ಯಗಳೇ. ಆಗ ಅರ್ಧ ಮಾಡಬಾರದು, 30 ಸರಿಯಾದ ಉತ್ತರ. ಹಾಗಾಗಿ 30 ಎಂದವರನ್ನು ತಪ್ಪು ಎನ್ನುವ ಮೊದಲು ಅವರ ಮನಸ್ಸಿನಲ್ಲಿ ಯಾವ ಲೀಗ್ ಇದೆ ಎಂದು ಕೇಳಿಬಿಡಿ.

ಇನ್ನು ದಿನಗಳ ವಿಷಯ. ಪುರುಷರ ಕಬಡ್ಡಿಯಲ್ಲಿ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ತಂಡ ಅಂಕಣಕ್ಕೆ ಇಳಿಯುವುದು, ಟಾಸ್, ಟೈಮ್ ಔಟ್ ಎಲ್ಲ ಸೇರಿಸಿ ಪಂದ್ಯಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಹೊನಲು ಬೆಳಕಿನ ಪಂದ್ಯಾವಳಿಯಾದರೂ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕಾಗುವುದರಿಂದ, ಸಂಜೆ 4ಕ್ಕೆ ಶುರು ಮಾಡಿದರೆ ಒಂದು ಅಂಕಣದಲ್ಲಿ ದಿನಕ್ಕೆ ಆರು ಪಂದ್ಯ ಮುಗಿಯುತ್ತವೆ. 15 ಪಂದ್ಯ ಎಂದರೆ 6, 6, 3. ಮೂರನೇ ದಿನ ಮೂರು ಲೀಗ್ ಪಂದ್ಯ ಮುಗಿಸಿ, ಸ್ವಲ್ಪ ಬಿಡುವು ಕೊಟ್ಟು, ಮೊದಲೆರಡು ಸ್ಥಾನದವರಿಗೆ ಫೈನಲ್ ಆಡಿಸಬಹುದು.

ಪಂದ್ಯಗಳ ಸಂಖ್ಯೆ ಗೊತ್ತಾದ ಮಾತ್ರಕ್ಕೆ ವೇಳಾಪಟ್ಟಿ ಸಿದ್ಧವಾಗುವುದಿಲ್ಲ. ಕೈಗೆ ಬಂದಂತೆ ಬರೆದರೆ ಒಂದೇ ತಂಡ ಬೆನ್ನುಬೆನ್ನಿಗೆ ಎರಡು ಪಂದ್ಯ ಆಡಬೇಕಾಗುತ್ತದೆ, ಇನ್ನೊಂದು ತಂಡ ದಿನವಿಡೀ ಕಾಯುತ್ತದೆ. ಇದಕ್ಕೆ ಹಳೆಯ, ನಂಬಬಹುದಾದ ಉಪಾಯವಿದೆ. ಆರು ಚೀಟಿಗಳನ್ನು ಎರಡು ಸಾಲಲ್ಲಿ ಇಡಿ. ಮೇಲಿನ ಸಾಲಿನಲ್ಲಿ ಎಡದಿಂದ ಕೋಲಾರ, ಮಾಲೂರು, ಬಂಗಾರಪೇಟೆ. ಅವುಗಳ ಕೆಳಗೆ ಕ್ರಮವಾಗಿ ಶ್ರೀನಿವಾಸಪುರ, ಮುಳಬಾಗಿಲು, ಕೆಜಿಎಫ್. ಎದುರುಬದುರು ಇರುವವರು ಮೊದಲ ಸುತ್ತು ಆಡುತ್ತಾರೆ. ಮುಂದಿನ ಸುತ್ತಿಗೆ ಕೋಲಾರದ ಚೀಟಿಯನ್ನು ಅಲುಗಾಡಿಸಬೇಡಿ. ಉಳಿದ ಐದನ್ನೂ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಒಂದೊಂದು ಜಾಗ ಸರಿಸಿ. ಹೀಗೆ ನಾಲ್ಕು ಸಲ ಸರಿಸಿದರೆ ಐದು ಸುತ್ತು ಮುಗಿಯುತ್ತವೆ:

1ನೇ ಸುತ್ತು: ಕೋಲಾರ–ಶ್ರೀನಿವಾಸಪುರ, ಮಾಲೂರು–ಮುಳಬಾಗಿಲು, ಬಂಗಾರಪೇಟೆ–ಕೆಜಿಎಫ್
2ನೇ ಸುತ್ತು: ಕೋಲಾರ–ಮುಳಬಾಗಿಲು, ಶ್ರೀನಿವಾಸಪುರ–ಕೆಜಿಎಫ್, ಮಾಲೂರು–ಬಂಗಾರಪೇಟೆ
3ನೇ ಸುತ್ತು: ಕೋಲಾರ–ಕೆಜಿಎಫ್, ಮುಳಬಾಗಿಲು–ಬಂಗಾರಪೇಟೆ, ಶ್ರೀನಿವಾಸಪುರ–ಮಾಲೂರು
4ನೇ ಸುತ್ತು: ಕೋಲಾರ–ಬಂಗಾರಪೇಟೆ, ಕೆಜಿಎಫ್–ಮಾಲೂರು, ಮುಳಬಾಗಿಲು–ಶ್ರೀನಿವಾಸಪುರ
5ನೇ ಸುತ್ತು: ಕೋಲಾರ–ಮಾಲೂರು, ಬಂಗಾರಪೇಟೆ–ಶ್ರೀನಿವಾಸಪುರ, ಕೆಜಿಎಫ್–ಮುಳಬಾಗಿಲು

ಬರೆದ ಕ್ರಮದಲ್ಲೇ ಆಡಿಸಿದರೆ ಯಾವ ತಂಡಕ್ಕೂ ಸತತ ಎರಡು ಪಂದ್ಯ ಬೀಳುವುದಿಲ್ಲ. ದಿನಕ್ಕೆ ಎರಡು ಸುತ್ತಿನಂತೆ ಆಡಿಸುವುದರಿಂದ ಯಾವ ತಂಡವೂ ಒಂದೇ ದಿನ ಎರಡಕ್ಕಿಂತ ಹೆಚ್ಚು ಲೀಗ್ ಪಂದ್ಯ ಆಡಬೇಕಾಗಿಲ್ಲ. ದಿನಕ್ಕೆ ಐದೇ ಪಂದ್ಯ ಎಂದು ಸುತ್ತನ್ನು ನಡುವೆ ಮುರಿದರೆ ಈ ಅನುಕೂಲ ಕೆಡುತ್ತದೆ. ಇದೇ ಪಟ್ಟಿಯನ್ನು ಐದೈದಾಗಿ ಎಣಿಸಿ ನೋಡಿ, ಎರಡನೇ ದಿನ ಬಂಗಾರಪೇಟೆಗೆ ಮೂರು ಪಂದ್ಯ ಬೀಳುತ್ತದೆ.

ಏಳನೇ ತಂಡ ಬಂದರೆ ಅದು ಈಗಿರುವ ಆರೂ ತಂಡಗಳ ಜೊತೆ ಆಡಬೇಕು. ಆದ್ದರಿಂದ ಆರು ಪಂದ್ಯ ಹೆಚ್ಚಾಗಿ 15 + 6 = 21 ಆಗುತ್ತದೆ. ಸೂತ್ರವೂ ಅದನ್ನೇ ಹೇಳುತ್ತದೆ: 7 × 6 / 2. ಇಲ್ಲಿ ಕೆಲವರು ಮೊದಲೇ 7ನ್ನು ಅರ್ಧ ಮಾಡಿ ಮೂರೂವರೆ ಬಂತಲ್ಲ ಎಂದು ಗಾಬರಿಯಾಗುತ್ತಾರೆ. ಪಕ್ಕಪಕ್ಕದ ಎರಡು ಸಂಖ್ಯೆಗಳಲ್ಲಿ ಒಂದು ಸಮಸಂಖ್ಯೆ ಇದ್ದೇ ಇರುತ್ತದೆ, ಅದನ್ನು ಅರ್ಧ ಮಾಡಿ: 7 × 3 = 21.

ಏಳು ಬೆಸಸಂಖ್ಯೆಯಾದ್ದರಿಂದ ಪ್ರತಿ ಸುತ್ತಿನಲ್ಲೂ ಒಂದು ತಂಡಕ್ಕೆ ಜೋಡಿ ಸಿಗುವುದಿಲ್ಲ. ಎಂಟನೇ ಚೀಟಿಯಲ್ಲಿ ‘ಬೈ’ ಎಂದು ಬರೆದು, ಸಾಲಿಗೆ ನಾಲ್ಕರಂತೆ ಇಟ್ಟು ಮೊದಲಿನಂತೆಯೇ ಸರಿಸಿ. ಆ ಚೀಟಿಯ ಎದುರು ಬಂದವರಿಗೆ ಆ ಸುತ್ತಿನಲ್ಲಿ ವಿಶ್ರಾಂತಿ. ಸುತ್ತಿಗೆ ಮೂರು ಪಂದ್ಯ, ಒಟ್ಟು ಏಳು ಸುತ್ತು. ದಿನಗಳು 6, 6, 6, 3, ಅಂದರೆ ಒಂದು ದಿನ ಹೆಚ್ಚು. ಎಂಟನೇ ತಂಡವೂ ಬಂದರೆ ಸುತ್ತುಗಳು ಏಳೇ ಇರುತ್ತವೆ, ‘ಬೈ’ ಇದ್ದ ಜಾಗ ಆ ತಂಡಕ್ಕೆ ಸಿಗುತ್ತದೆ, ಪಂದ್ಯಗಳು ಮಾತ್ರ 28ಕ್ಕೆ ಏರುತ್ತವೆ. ಹನ್ನೆರಡು ತಂಡವಾದರೆ 66. ತಂಡ ಎರಡರಷ್ಟಾಯಿತು, ಪಂದ್ಯ ನಾಲ್ಕರಷ್ಟಕ್ಕಿಂತಲೂ ಹೆಚ್ಚಾಯಿತು. ಅಷ್ಟಕ್ಕೆ ಒಂದೇ ಲೀಗ್ ಬೇಡ. ಆರಾರರ ಎರಡು ಗುಂಪು ಮಾಡಿದರೆ 15 + 15, ಎರಡು ಸೆಮಿಫೈನಲ್, ಒಂದು ಫೈನಲ್ ಸೇರಿ 33ರಲ್ಲಿ ಮುಗಿಯುತ್ತದೆ.

ಪಟ್ಟಿಯನ್ನು ಅಚ್ಚಿಗೆ ಕೊಡುವ ಮೊದಲು ಪ್ರತಿ ತಂಡದ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿ. ಆರು ತಂಡವಾದರೆ ಪ್ರತಿ ಹೆಸರೂ ಐದು ಸಲ ಬರಬೇಕು. ಒಂದು ತಂಡ ನಾಲ್ಕೇ ಸಲ ಬಂದು ಮತ್ತೊಂದು ಆರು ಸಲ ಬಂದಿದ್ದರೆ, ಎಲ್ಲೋ ಒಂದು ಪಂದ್ಯದಲ್ಲಿ ಒಂದರ ಜಾಗಕ್ಕೆ ಇನ್ನೊಂದರ ಹೆಸರು ಬಿದ್ದಿದೆ. ಒಟ್ಟು 15 ಸರಿಯಾಗಿಯೇ ಕಾಣುವುದರಿಂದ ಬರೀ ಪಂದ್ಯಗಳನ್ನು ಎಣಿಸಿದರೆ ಈ ತಪ್ಪು ಸಿಗುವುದಿಲ್ಲ.