ಒಲೆ ಎರಡು, ಅಡುಗೆ ಮೂರು: ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ

ಎಂಟು ಗಂಟೆಗೆ ಊಟ. ತಿನ್ನುವವರು ನಾಲ್ಕು ಜನ. ಅನ್ನ, ತೊಗರಿಬೇಳೆ ತೊವ್ವೆ, ಹುರುಳಿಕಾಯಿ ಪಲ್ಯ. ಬರ್ನರ್ ಇರುವುದು ಎರಡೇ. ಮೂರೂ ಬಿಸಿಬಿಸಿಯಾಗಿ ಒಟ್ಟಿಗೆ ತಟ್ಟೆಗೆ ಬೀಳಬೇಕು.

ಇಂಥ ಲೆಕ್ಕಕ್ಕೆ ಕೂತವರೆಲ್ಲ ಮೊದಲು ಕೇಳುವುದು, ಯಾವುದು ಬೇಯಲು ಜಾಸ್ತಿ ಹೊತ್ತು ಬೇಕು ಅಂತ. ಕೇಳಬೇಕಾದ್ದೇ. ಆದರೆ ಅದರಿಂದ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಬೆಂದ ಮೇಲೆ ಯಾವುದು ಎಷ್ಟು ಹೊತ್ತು ಕೆಡದೆ, ತಣಿಯದೆ ಕೂರಬಲ್ಲದು ಅನ್ನುವುದು ಇನ್ನರ್ಧ. ಅಡುಗೆಯ ಸರದಿ ನಿಜವಾಗಿ ತೀರ್ಮಾನವಾಗುವುದು ಅಲ್ಲಿ.

ಅದಕ್ಕೂ ಮೊದಲು ಒಂದು ತಪ್ಪು ನಂಬಿಕೆಯನ್ನು ದಾರಿಯಿಂದ ಸರಿಸಬೇಕು. ತಡವಾಯಿತು ಎಂದರೆ ಉರಿ ಜೋರು ಮಾಡುವುದು ನಮ್ಮೆಲ್ಲರ ಕೈಗೆ ಅಂಟಿದ ಅಭ್ಯಾಸ. ನೀರು ಕುದಿಯುವವರೆಗೆ ಅದು ಸರಿ. ಕುದಿ ಬಂದ ಮೇಲೆ ಎಷ್ಟೇ ಉರಿ ಕೊಟ್ಟರೂ ನೀರು 100 ಡಿಗ್ರಿ ದಾಟುವುದಿಲ್ಲ. ಹೆಚ್ಚಿಗೆ ಕೊಟ್ಟ ಶಾಖವೆಲ್ಲ ಹಬೆಯಾಗಿ ಹಾರಿಹೋಗುತ್ತದೆ, ಅಷ್ಟೇ. ಅಕ್ಕಿ ಒಂದು ನಿಮಿಷವೂ ಬೇಗ ಬೇಯುವುದಿಲ್ಲ. ತಳ ಹಿಡಿಯುವುದು ಮಾತ್ರ ಬೇಗ ಆಗುತ್ತದೆ.

ಈ 100 ಡಿಗ್ರಿಯ ಗೋಡೆಯನ್ನು ಮೀರಲು ಇರುವ ದಾರಿ ಒತ್ತಡ. 1679ರಲ್ಲಿ ಲಂಡನ್ನಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಡೆನಿಸ್ ಪಾಪಿನ್ ಬಿಗಿಯಾಗಿ ಮುಚ್ಚಿದ ಲೋಹದ ಪಾತ್ರೆಯಲ್ಲಿ ಹಬೆಯನ್ನು ಕೂಡಿಹಾಕಿ ಮೂಳೆಗಳನ್ನೇ ಮೆತ್ತಗೆ ಬೇಯಿಸಿದ. ಪಾತ್ರೆ ಸಿಡಿಯದಂತೆ ಸೇಫ್ಟಿ ವಾಲ್ವ್ ಕೂಡ ಅವನೇ ಇಟ್ಟ. 1682ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಿಗೆ ಇದೇ ಪಾತ್ರೆಗಳಲ್ಲಿ ಮಾಡಿದ ರಾತ್ರಿಯೂಟವನ್ನೂ ಬಡಿಸಿದ. ನಮ್ಮ ಕುಕ್ಕರ್ ಅದರ ಮರಿ. ವೇಟ್ ಎದ್ದು ಕೂಗುವ ಹೊತ್ತಿಗೆ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ.

ಕೂಗು ಎಂದೆನಲ್ಲ, ಅದನ್ನು ಎಣಿಸುವುದು ನನಗೆ ಒಂದು ಚೂರೂ ಹಿಡಿಸದ ಪದ್ಧತಿ. ಕೂಗು ಹೇಳುವುದು 'ಒಳಗೆ ಹಬೆ ಹೆಚ್ಚಾಯಿತು, ಹೊರಗೆ ಬಿಟ್ಟೆ' ಎಂದಷ್ಟೇ. ಉರಿ ಜೋರಿದ್ದರೆ ಐದು ನಿಮಿಷದಲ್ಲಿ ಐದಾರು ಕೂಗು ಬರಬಹುದು, ಸಿಮ್‌ನಲ್ಲಿಟ್ಟರೆ ಹತ್ತು ನಿಮಿಷಕ್ಕೆ ಒಂದೂ ಬರದಿರಬಹುದು. ಬೇಳೆ ಬೇಯುವುದು 120 ಡಿಗ್ರಿಯಲ್ಲಿ ಎಷ್ಟು ನಿಮಿಷ ಇತ್ತು ಅನ್ನುವುದರ ಮೇಲೆ. ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣ ಮಾಡಿ ಗಡಿಯಾರ ನೋಡಿ. ಊಟದ ಹೊತ್ತನ್ನು ಲೆಕ್ಕ ಹಾಕುವವರಿಗೆ ಎಣಿಕೆಯಿಂದ ಉಪಯೋಗವಿಲ್ಲ, ನಿಮಿಷ ಬೇಕು.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಒಲೆಯಿಂದ ಇಳಿಸಿದ ಕುಕ್ಕರ್ ಕೆಲಸ ನಿಲ್ಲಿಸಿಲ್ಲ. ಪ್ರೆಷರ್ ತಾನಾಗಿ ಇಳಿಯಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಅಷ್ಟೂ ಹೊತ್ತು ಒಳಗಿನ ಬಿಸಿ 120ರಿಂದ 100ಕ್ಕೆ ಮೆಲ್ಲಗೆ ಇಳಿಯುತ್ತಿರುತ್ತದೆ. ಅಂದರೆ ಒಲೆಯ ಮೇಲೆ ತೆರೆದ ಪಾತ್ರೆಯಲ್ಲಿ ಕುದಿಯುವ ನೀರಿಗಿಂತ ಕಟ್ಟೆಯ ಮೇಲೆ ಸುಮ್ನೆ ಕೂತ ಕುಕ್ಕರ್ ಒಳಗೆ ಬಿಸಿ ಜಾಸ್ತಿ! ಬೇಳೆ ಬೇಯುತ್ತಲೇ ಇದೆ, ಬರ್ನರ್ ಮಾತ್ರ ಖಾಲಿ. ಚಾರ್ಜ್ ಮಾಡಿ ಕಿತ್ತಿಟ್ಟ ಬ್ಯಾಟರಿಯ ಹಾಗೆ ಅದು. ಎರಡು ಒಲೆಯವರ ಹತ್ತಿರ ಲೆಕ್ಕಕ್ಕೆ ಸಿಗದ ಮೂರನೇ ಒಲೆ ಇರುವುದು ಇಲ್ಲೇ.

ಈ ಮೂರನೇ ಒಲೆಯನ್ನು 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ನಾರ್ವೆಯವರು ಪೆಟ್ಟಿಗೆಯ ರೂಪದಲ್ಲೇ ತಂದಿಟ್ಟಿದ್ದರು. ಒಳಗೆ ದಪ್ಪನೆಯ ಮೆತ್ತೆ ಹೊದಿಸಿದ ಪೆಟ್ಟಿಗೆ. ಕುದಿ ಬಂದ ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಮುಂದಿನ ಅಡುಗೆಗೆ ಬೆಂಕಿಯೇ ಬೇಡ. ಆಮೇಲೆ ಮಹಾಯುದ್ಧಗಳ ಕಾಲದಲ್ಲಿ ಉರುವಲು ಉಳಿಸಲು ಯೂರೋಪಿನ ಮನೆಗಳಲ್ಲಿ ಹುಲ್ಲು ತುಂಬಿದ ಪೆಟ್ಟಿಗೆಗಳು ಇದೇ ಕೆಲಸ ಮಾಡಿದವು. ಬೇಯಲು ಬೇಕಾದದ್ದು ಬಿಸಿ. ಆ ಬಿಸಿ ಕಳೆದುಹೋಗದಿದ್ದರೆ ಬೆಂಕಿ ಪಕ್ಕದಲ್ಲೇ ಇರಬೇಕಾಗಿಲ್ಲ.

ಅನ್ನಕ್ಕೂ ಇದೇ ಅನ್ವಯಿಸುತ್ತದೆ. ನೀರು ಹಿಂಗಿ ಉರಿ ಆರಿಸಿದಾಗ ಮೇಲಿನ ಅಗುಳು ಸ್ವಲ್ಪ ಗಟ್ಟಿ, ತಳದ್ದು ಸ್ವಲ್ಪ ಮುದ್ದೆ. ಮುಚ್ಚಳ ತೆಗೆಯದೆ ಹತ್ತು ಹದಿನೈದು ನಿಮಿಷ ಬಿಟ್ಟರೆ ತೇವ ಎಲ್ಲ ಕಡೆ ಸಮನಾಗಿ ಹರಡುತ್ತದೆ, ಅಗುಳಿನ ನಡುವಿನ ಪಿಷ್ಟವೂ ಬೆಂದು ಮೆತ್ತಗಾಗುತ್ತದೆ. ನಡುವೆ ಮುಚ್ಚಳ ತೆಗೆದು ಇಣುಕಿದರೆ ಏನು ನಷ್ಟ ಅಂತೀರಾ? ಒಂದು ಗ್ರಾಂ ನೀರು ಹಬೆಯಾಗಿ ಹೋಗುವಾಗ ಸುಮಾರು 2,300 ಜೂಲ್ ಶಾಖ ಹೊತ್ತೊಯ್ಯುತ್ತದೆ. ಎರಡು ಕಪ್ ಅಕ್ಕಿಯಿಂದ ಆಗುವ ಅನ್ನ ಒಂದು ಕಿಲೋ ಚಿಲ್ಲರೆ. ಅದರಿಂದ ಎರಡು ಟೀ ಚಮಚದಷ್ಟು ನೀರು ಹಬೆಯಾಗಿ ಹೋದರೆ ಸಾಕು, ಇಡೀ ಪಾತ್ರೆ ಐದಾರು ಡಿಗ್ರಿ ತಣಿಯುತ್ತದೆ. ಮುಚ್ಚಿದ್ದರೆ ಅದೇ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಅನ್ನಕ್ಕೇ ಬೀಳುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿಟ್ಟ ಅನ್ನ ಅರ್ಧ ಗಂಟೆಯಾದರೂ ಊಟಕ್ಕೆ ಬೇಕಾದಷ್ಟು ಬಿಸಿ ಇರುತ್ತದೆ.

ಪಲ್ಯದ ಪಾಡು ಬೇರೆ. ಬಾಣಲೆ ಅಗಲ, ಪಲ್ಯ ಕಡಿಮೆ, ಹರಡಿಕೊಂಡು ಕೂತಿರುತ್ತದೆ. ತೆರೆದಿಟ್ಟರೆ ಹತ್ತೇ ನಿಮಿಷದಲ್ಲಿ ಉಗುರು ಬೆಚ್ಚಗಾಗುತ್ತದೆ. ಹಾಗಾದರೆ ಮುಚ್ಚಿಡೋಣ ಅಂದರೆ ಒಳಗಿನ ಹಬೆ ನೀರಾಗಿ ಕಾಯಿಯನ್ನು ಮೆತ್ತಗೆ ಮಾಡುತ್ತದೆ, ಹಸಿರು ಬಣ್ಣವೂ ಕೆಡುತ್ತದೆ. ಹುರುಳಿಕಾಯಿಯ ಹಸಿರಿಗೆ ಕಾರಣವಾದ ಕ್ಲೋರೋಫಿಲ್ ಕಣದ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಇರುತ್ತದೆ. ಬಿಸಿಯಲ್ಲಿ ತರಕಾರಿಯದ್ದೇ ಹುಳಿ ಅಂಶ ಅದನ್ನು ಕಿತ್ತುಹಾಕಿದರೆ ಬಣ್ಣ ಮಾಸಿ, ಕಂದು ಬೆರೆತ ಹಸಿರಾಗುತ್ತದೆ. ಹೀಗೆ ತೆರೆದಿಟ್ಟರೂ ಕಷ್ಟ, ಮುಚ್ಚಿಟ್ಟರೂ ಕಷ್ಟ. ಆದ್ದರಿಂದ ಪಲ್ಯ ಕೊನೆಗೇ ಆಗಬೇಕು, ಬೇರೆ ದಾರಿಯಿಲ್ಲ.

ಈಗ ಎಂಟು ಗಂಟೆಯಿಂದ ಹಿಂದಕ್ಕೆ ಎಣಿಸೋಣ. ಒಂದು ಕಪ್ ತೊಗರಿಬೇಳೆಯನ್ನು ಅರ್ಧ ಗಂಟೆ ಮೊದಲೇ ತೊಳೆದು ನೆನೆಹಾಕಿರಿ. 6:55ಕ್ಕೆ ಮೂರು ಕಪ್ ನೀರು, ಚಿಟಿಕೆ ಅರಿಶಿನ, ಒಂದು ತೊಟ್ಟು ಎಣ್ಣೆ ಹಾಕಿ ಕುಕ್ಕರನ್ನು ಮೊದಲ ಬರ್ನರ್ ಮೇಲಿಡಿ. ಉಪ್ಪು, ಹುಳಿ ಈಗ ಬೇಡ, ಅದರಲ್ಲೂ ಹುಳಿ ಬೇಳೆಯನ್ನು ಬೇಗ ಬೇಯಲು ಬಿಡುವುದಿಲ್ಲ. ಏಳೂ ಐದರ ಹೊತ್ತಿಗೆ ಕೂಗು ಬರುತ್ತದೆ. ಸಿಮ್‌ನಲ್ಲಿ ಹನ್ನೆರಡು ನಿಮಿಷ. 7:18ಕ್ಕೆ ಆರಿಸಿ, ಕುಕ್ಕರನ್ನು ಕಟ್ಟೆಗೆ ಇಳಿಸಿ.

ಎರಡನೇ ಬರ್ನರ್ ಇಷ್ಟು ಹೊತ್ತೂ ಖಾಲಿ. 'ಅಯ್ಯೋ, ಅನ್ನವಾದರೂ ಇಡಬಹುದಿತ್ತು' ಅನ್ನಿಸುತ್ತದೆ ಅಲ್ವಾ? ಇಟ್ಟಿದ್ದರೆ ಅನ್ನ 7:20ಕ್ಕೇ ಆಗಿ, ನಲವತ್ತು ನಿಮಿಷ ಸುಮ್ಮನೆ ತಣಿಯುತ್ತಿತ್ತು. ಈ ಹೊತ್ತಿನಲ್ಲಿ ನಿಜವಾಗಿ ಬಿಡುವಿಲ್ಲದಿರುವುದು ನಿಮ್ಮ ಕೈಗೆ. ಅರ್ಧ ಕಿಲೋ ಹುರುಳಿಕಾಯಿಯ ನಾರು ತೆಗೆದು ಸಣ್ಣಗೆ ಹೆಚ್ಚಲು ಇಪ್ಪತ್ತು ನಿಮಿಷ ಹೋಗುತ್ತದೆ.

7:25ಕ್ಕೆ ಎರಡು ಕಪ್ ಅಕ್ಕಿ, ನಾಲ್ಕು ಕಪ್ ನೀರು ಮೊದಲ ಬರ್ನರ್ ಮೇಲೆ. ಕುದಿ ಬರಲು ಏಳೆಂಟು ನಿಮಿಷ, ಆಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಹದಿಮೂರು ನಿಮಿಷ. 7:46ಕ್ಕೆ ಆರಿಸಿ ಇಳಿಸಿಡಿ. ಎಂಟರವರೆಗೆ ಅದರ ತಂಟೆಗೆ ಹೋಗಬೇಡಿ.

7:32ರ ಹೊತ್ತಿಗೆ ಕುಕ್ಕರಿನ ಪ್ರೆಷರ್ ಇಳಿದಿರುತ್ತದೆ. ಅದಕ್ಕೂ ಮೊದಲೇ ವೇಟ್ ಎತ್ತಬೇಡಿ. 120 ಡಿಗ್ರಿಯ ಒಂದು ಕಿಲೋ ನೀರಿನ ಮೇಲಿನ ಒತ್ತಡ ತಟ್ಟನೆ ಹೋದರೆ ಅದರಲ್ಲಿ ಸುಮಾರು 37 ಗ್ರಾಂ ಆ ಕ್ಷಣಕ್ಕೇ ಹಬೆಯಾಗುತ್ತದೆ. ಕೇಳಲು ಸಣ್ಣ ಲೆಕ್ಕ. ಆದರೆ 37 ಗ್ರಾಂ ನೀರಿನಿಂದ ಏಳುವ ಹಬೆ ಅರವತ್ತು ಲೀಟರ್! ಹಳದಿ ನೊರೆ ಗೋಡೆಗೆ ಚಿಮ್ಮುವುದು ಇದರಿಂದಲೇ.

ಕುಕ್ಕರ್ ತೆರೆದ ಕೂಡಲೇ ಬೇಳೆಯ ಒಂದೆರಡು ಕಾಳು ತೆಗೆದು ಬೆರಳಲ್ಲಿ ಹಿಸುಕಿ ನೋಡಿ. ನುಣ್ಣಗೆ ಹರಡಿದರೆ ಸರಿ. ನಡುವೆ ರವೆಯಂತೆ ಗಟ್ಟಿ ಸಿಕ್ಕಿದರೆ ಇನ್ನೂ ಬೆಂದಿಲ್ಲ. ಬೇಳೆ ಹಳೆಯದಿದ್ದರೆ ಅಥವಾ ನೀರು ಗಡಸಾಗಿದ್ದರೆ ಹೀಗಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್‌ಗೆ ಸೇರಿ ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಮೂರು ಅಡುಗೆಯಲ್ಲಿ ಹೀಗೆ ಕೈಕೊಡುವುದು ಬೇಳೆಯೇ ಜಾಸ್ತಿ. ಅದನ್ನು ಇಷ್ಟು ಮೊದಲೇ ಇಟ್ಟಿದ್ದಕ್ಕೆ, ಪಲ್ಯ ಶುರು ಮಾಡುವ ಮೊದಲೇ ಕುಕ್ಕರ್ ತೆರೆದಿದ್ದಕ್ಕೆ ಇದೂ ಕಾರಣ.

ಬೆಂದಿಲ್ಲದಿದ್ದರೆ ಗಾಬರಿ ಬೇಡ. ನೀರು ಸಾಲದಿದ್ದರೆ ಅರ್ಧ ಕಪ್ ಬಿಸಿನೀರು ಹಾಕಿ (ತಣ್ಣೀರು ಹಾಕಿದರೆ ಕೂಡಿಟ್ಟ ಬಿಸಿಯೆಲ್ಲ ಅದನ್ನು ಕಾಯಿಸಲು ಹೋಗುತ್ತದೆ), ಮುಚ್ಚಿ, ಖಾಲಿ ಇರುವ ಎರಡನೇ ಬರ್ನರ್ ಮೇಲಿಡಿ. ಒಳಗೆ ಆಗಲೇ ಬಿಸಿ ಇರುವುದರಿಂದ ನಾಲ್ಕೈದು ನಿಮಿಷಕ್ಕೆ ಕೂಗು ಬರುತ್ತದೆ. ಮತ್ತೆ ಆರು ನಿಮಿಷ ಬಿಟ್ಟು ಇಳಿಸಿದರೆ 7:44. ಪಲ್ಯ ನಾಲ್ಕು ನಿಮಿಷ ತಡವಾಗಿ ಅದೇ ಬರ್ನರ್‌ಗೆ ಬರುತ್ತದೆ. ಪ್ರೆಷರ್ ಇಳಿದ ಮೇಲೆ ತೊವ್ವೆಯನ್ನು ಅನ್ನ ಬಿಟ್ಟುಕೊಟ್ಟ ಬರ್ನರ್ ಮೇಲೆ ಕುದಿಸಿದರಾಯಿತು. ಊಟ ಹೆಚ್ಚೆಂದರೆ ಐದು ನಿಮಿಷ ಹಿಂದೆ ಬೀಳುತ್ತದೆ.

ಬೇಳೆ ಮೊದಲ ಸಲವೇ ಬೆಂದಿದ್ದರೆ 7:40ಕ್ಕೆ ಎರಡನೇ ಬರ್ನರ್ ಮೇಲೆ ಬಾಣಲೆ. ಒಗ್ಗರಣೆ, ಹುರುಳಿಕಾಯಿ, ಉಪ್ಪು, ಒಂದು ಕೈ ನೀರು ಚಿಮುಕಿಸಿ ಮುಚ್ಚಿ. ಹತ್ತು ನಿಮಿಷಕ್ಕೆ ಕಾಯಿ ಬೇಯುತ್ತದೆ. ಕೊನೆಯ ಮೂರು ನಿಮಿಷ ಮುಚ್ಚಳ ತೆಗೆದು ಉರಿ ಜೋರು ಮಾಡಿ, ಉಳಿದ ನೀರು ಹಾರಿ ಪಲ್ಯ ಬಿಡಿಬಿಡಿಯಾಗಲಿ. ಉರಿ ಜೋರು ಮಾಡಿ ಪ್ರಯೋಜನವಿರುವುದು ಇಲ್ಲೇ ನೋಡಿ, ಇಲ್ಲಿ ನಮಗೆ ಬೇಕಿರುವುದೇ ಹಬೆ ಹೋಗುವುದು. ಅತ್ತ 7:46ಕ್ಕೆ ಖಾಲಿಯಾದ ಮೊದಲ ಬರ್ನರ್ ಮೇಲೆ ಬೇಳೆಯನ್ನು ಕಡೆದು, ಉಪ್ಪು ಮತ್ತು ಬೇಕಾದಷ್ಟು ನೀರು ಹಾಕಿ ಕುದಿಸಿ, 7:56ಕ್ಕೆ ಒಗ್ಗರಣೆ ಕೊಡಿ.

ಅನ್ನ, ಬೇಳೆ ಎರಡನ್ನೂ ಒಂದೇ ಕುಕ್ಕರಿನಲ್ಲಿ ಡಬ್ಬಿಗಳಲ್ಲಿ ಇಟ್ಟರೆ ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಕೇಳುವವರಿದ್ದಾರೆ. ಇಡಬಹುದು. ಆದರೆ ಬೇಳೆಗೆ ಬೇಕಾದಷ್ಟು ಹೊತ್ತು ಇಟ್ಟರೆ ಅನ್ನ ಮುದ್ದೆ, ಅನ್ನಕ್ಕೆ ತಕ್ಕಷ್ಟು ಇಟ್ಟರೆ ಬೇಳೆ ಗಟ್ಟಿ. ಬೇಳೆಯನ್ನು ಇನ್ನೂ ಹೆಚ್ಚು ಹೊತ್ತು ನೆನೆಸಿದರೆ ಈ ಅಂತರ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಇನ್ನು ಊಟಕ್ಕೆ ಬರಬೇಕಾದವರು ಇಪ್ಪತ್ತು ನಿಮಿಷ ತಡವಾಗಿ ಬರುತ್ತೇವೆ ಎಂದು 7:35ಕ್ಕೆ ಫೋನ್ ಮಾಡಿದರೆ? ಅನ್ನವನ್ನು ನಿಲ್ಲಿಸಬೇಡಿ, ಬೇಯಲಿ, ಮುಚ್ಚಿಡಿ. ಬೇಳೆಯನ್ನು ಕುಕ್ಕರಿನಲ್ಲೇ ಮುಚ್ಚಿ ಬಿಡಿ, ಆಮೇಲೆ ಕುದಿಸಿದರಾಯಿತು. ಹೆಚ್ಚಿದ ಹುರುಳಿಕಾಯಿ ಮಾತ್ರ ತಟ್ಟೆಯಲ್ಲೇ ಇರಲಿ, ಎಂಟು ಗಂಟೆಯವರೆಗೆ ಬಾಣಲೆ ಇಡಬೇಡಿ.