12 ಪುಟ, 40 ಪದ: ಫೋಟೋದಲ್ಲಿ ಬಂದ ಲೇಖನದ ಸಾರಾಂಶ ಬರೆಯುವಾಗ

ನಮಗೆ ಕೊಟ್ಟಿದ್ದ ಕೆಲಸ ನೋಡಲು ಸುಲಭ. ಒಂದು ಸಂಶೋಧನಾ ಲೇಖನ ಓದಿ 40 ಪದಗಳಲ್ಲಿ ಸಾರಾಂಶ ಬರೆಯಬೇಕು. 41 ಆದರೆ ಸೊನ್ನೆ. ಲೇಖನ ಕೈಗೆ ಸಿಕ್ಕಿದ್ದು ಫೋಟೋಗಳಾಗಿ. ಲೈಬ್ರರಿಯಲ್ಲಿದ್ದ ಪ್ರತಿಯನ್ನು ಗೆಳೆಯನೊಬ್ಬ ಮೊಬೈಲ್‌ನಲ್ಲಿ ತೆಗೆದು ವಾಟ್ಸಾಪ್‌ಗೆ ಹಾಕಿದ್ದ. ನಾನು ಬರೆದದ್ದು ಸರಿಯಾಗಿ 40 ಪದ. ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಆದರೂ ಮೇಡಂ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಒಂದೇ ಪದ ಬರೆದು ವಾಪಸ್ ಕೊಟ್ಟರು: "ಯಾರಿಗೆ?"

ಆ ಒಂದು ಪದದಿಂದ ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಲೇಖನ ಕೋವಿಡ್ ಕಾಲದ್ದು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಟ್ಟಾಗ ಏನಾಯಿತು ಎಂಬ ವರದಿ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ 2021ರ ಫೆಬ್ರವರಿ ಸಂಚಿಕೆಯಲ್ಲಿ 693ರಿಂದ 704ನೇ ಪುಟದವರೆಗೆ ಇದೆ. ಅಂದರೆ 12 ಪುಟ. ನನಗೆ ಬಂದ ಫೋಟೋಗಳು 11.

ಇದು ಗೊತ್ತಾಗಲು ನನಗೆ ಎರಡು ದಿನ ಬೇಕಾಯಿತು, ನಾಚಿಕೆಯ ವಿಷಯ. ಎರಡು ಕಾಲಮ್ಮಿನ ಪುಟದಲ್ಲಿ ಬಲ ಕಾಲಮ್ಮಿನ ಕೊನೆಯ ವಾಕ್ಯ ಅರ್ಧಕ್ಕೆ ನಿಂತು ಮುಂದಿನ ಪುಟಕ್ಕೆ ಹೋಗುತ್ತದೆ. ಮಧ್ಯದ ಪುಟ ಇಲ್ಲದಿದ್ದರೂ ಕಣ್ಣು ಹೇಗೋ ಜೋಡಿಸಿಕೊಂಡು ಓದಿಬಿಡುತ್ತದೆ. ಈಗ ಓದುವ ಮೊದಲೇ ಪ್ರತಿ ಫೋಟೋದಲ್ಲಿ ಅಚ್ಚಾದ ಪುಟಸಂಖ್ಯೆ ನೋಡಿ, ಫೈಲಿಗೆ ಅದೇ ಸಂಖ್ಯೆ ಹೆಸರಾಗಿ ಕೊಡುತ್ತೇನೆ. ಯಾವುದು ಇಲ್ಲ ಅಂತ ಆಗಲೇ ಕಾಣುತ್ತದೆ. ಇನ್ನೊಂದು ಮಾತು: ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕಾಣೆಯಾದ ಪುಟಕ್ಕಿಂತ ಜಾಸ್ತಿ ಮೋಸ ಮಾಡಿದ್ದು ಗೆಳೆಯನ ಹೆಬ್ಬೆರಳು. ಮೊದಲ ಪುಟದ ಫೋಟೋದಲ್ಲಿ ಸಾರಭಾಗದ ಕೊನೆಯ ಸಾಲುಗಳ ಮೇಲೆ ಅದು ಕೂತಿತ್ತು. ಔಷಧದಿಂದ ಸಾವು ಕಡಿಮೆಯಾಯಿತು ಎಂಬಲ್ಲಿಯವರೆಗೆ ಓದಲು ಬರುತ್ತಿತ್ತು. ಅದರ ಮುಂದಿನ ತುಂಡು ಬೆರಳಿನಡಿ ಹೋಗಿತ್ತು: ಉಸಿರಾಟಕ್ಕೆ ಯಾವ ನೆರವೂ ಇಲ್ಲದಿದ್ದವರಲ್ಲಿ ಹಾಗಾಗಲಿಲ್ಲ ಎಂಬ ಮಾತು. ನಾನು ಬೆರಳಿನ ಮೇಲಿನವರೆಗೆ ಓದಿ ವಾಕ್ಯ ಮುಗಿಯಿತು ಅಂದುಕೊಂಡೆ. ಈಗ ನನ್ನ ರೂಢಿ ಏನೆಂದರೆ, ಫೋಟೋದಲ್ಲಿ ಕೊನೆಗೆ ಕಾಣುವ ವಾಕ್ಯಕ್ಕೆ ಪೂರ್ಣವಿರಾಮ ಇದೆಯಾ ಅಂತ ನೋಡುವುದು. ಇಲ್ಲದಿದ್ದರೆ ಅದು ಇನ್ನೂ ಮುಗಿದಿಲ್ಲ.

ಇನ್ನು ಅಂಕಿಗಳು. ಮಸುಕಾದ ಫೋಟೋದಲ್ಲಿ 6 ಮತ್ತು 8, 3 ಮತ್ತು 8 ಒಂದೇ ಥರ ಕಾಣುತ್ತವೆ. ಮತ್ತೆ ಮತ್ತೆ ದೊಡ್ಡದು ಮಾಡಿ ನೋಡುವುದಕ್ಕಿಂತ ಕೂಡಿಸಿ ನೋಡುವುದು ವಾಸಿ. ಈ ಲೇಖನದ ಪಟ್ಟಿಯಲ್ಲಿ ಮಾಮೂಲಿ ಚಿಕಿತ್ಸೆ ಪಡೆದವರು ಮೂರು ಸಾಲಿನಲ್ಲಿದ್ದಾರೆ. ವೆಂಟಿಲೇಟರ್‌ನಲ್ಲಿದ್ದವರು 683, ಆಕ್ಸಿಜನ್ ಮಾತ್ರ ಪಡೆಯುತ್ತಿದ್ದವರು 2604, ಎರಡೂ ಇಲ್ಲದವರು 1034. ಒಟ್ಟು 4321. ನನಗೆ ಮೊದಲು 2604 ಎಂಬುದು 2804 ಅಂತ ಕಂಡಿತ್ತು. ಕೂಡಿಸಿದರೆ 4521 ಬಂತು, 200 ಜಾಸ್ತಿ. ಹಾಗಾಗಿ ತಪ್ಪು ನೂರರ ಸ್ಥಾನದಲ್ಲೇ ಇದೆ ಅಂತ ಗೊತ್ತಾಯಿತು. ಇನ್ನೂ ಅನುಮಾನ ಇದ್ದರೆ ಭಾಗಿಸಿ: ಆ ಸಾಲಿನಲ್ಲಿ ಸತ್ತವರು 682. ಅದನ್ನು 2604ರಿಂದ ಭಾಗಿಸಿದರೆ 26.2% ಬರುತ್ತದೆ, ಪಕ್ಕದಲ್ಲೇ ಅಚ್ಚಾಗಿರುವುದೂ ಅದೇ.

ಈಗ ಮುಖ್ಯ ವಿಷಯ: ಯಾವುದು ಮುಖ್ಯ ಫಲಿತಾಂಶ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಲೇಖನದಲ್ಲಿ ಎದ್ದು ಕಾಣುವ ಅಂಕಿ ಒಟ್ಟು ಜನರದ್ದು. ಡೆಕ್ಸಾಮೆಥಾಸೋನ್ ಸಿಕ್ಕ 2104 ಜನರಲ್ಲಿ 28 ದಿನಗಳೊಳಗೆ 22.9% ಸತ್ತರು, ಮಾಮೂಲಿ ಚಿಕಿತ್ಸೆಯ 4321 ಜನರಲ್ಲಿ 25.7%. ಪ್ರಯೋಗ ಮುಖ್ಯವಾಗಿ ಅಳೆಯಲು ಹೊರಟದ್ದೂ ಇದನ್ನೇ. ಸಾಮಾನ್ಯವಾಗಿ ಇಂಥದ್ದನ್ನೇ ಮುಖ್ಯ ಫಲಿತಾಂಶ ಅಂತ ಬರೆಯಬೇಕು. ಉಪಗುಂಪುಗಳ ಅಂಕಿಗಳನ್ನು ಅನುಮಾನದಿಂದ ನೋಡಬೇಕು ಅಂತ ನಮಗೆ ಕಲಿಸಿರುತ್ತಾರೆ. ಅದು ಸರಿಯೇ, ಯಾಕೆಂದರೆ ಹತ್ತು ಥರ ತುಂಡು ಮಾಡಿದರೆ ಯಾವುದೋ ಒಂದರಲ್ಲಿ ಸುಮ್ನೆ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ.

ಆದರೆ ಇಲ್ಲಿ ಉಸಿರಾಟದ ನೆರವಿನ ಪ್ರಕಾರ ವಿಂಗಡಿಸಿ ನೋಡುತ್ತೇವೆ ಎಂಬುದು ಮೊದಲೇ ತೀರ್ಮಾನವಾಗಿತ್ತು. ಫಲಿತಾಂಶವೂ ಮೆಟ್ಟಿಲಿನ ಹಾಗಿದೆ. ವೆಂಟಿಲೇಟರ್‌ನಲ್ಲಿದ್ದವರಲ್ಲಿ ಔಷಧ ಸಿಕ್ಕವರು 29.3%, ಸಿಗದವರು 41.4% ಸತ್ತರು. ಆಕ್ಸಿಜನ್ ಮಾತ್ರ ಪಡೆಯುತ್ತಿದ್ದವರಲ್ಲಿ 23.3% ಮತ್ತು 26.2%. ಎರಡೂ ಬೇಕಿಲ್ಲದವರಲ್ಲಿ 17.8% ಮತ್ತು 14.0%. ಕೊನೆಯ ಮೆಟ್ಟಿಲಿನಲ್ಲಿ ಅಂಕಿ ತಿರುಗಿದ್ದನ್ನು ಗಮನಿಸಿ. ಅದಕ್ಕೇ ಲೇಖಕರು ತೀರ್ಮಾನದ ವಾಕ್ಯವನ್ನು ಷರತ್ತಿನ ಜೊತೆಯೇ ಬರೆದಿದ್ದಾರೆ. ಒಟ್ಟು ಅಂಕಿ ಈ ಮೂರರ ಸರಾಸರಿ. ಅದನ್ನಷ್ಟೇ ಓದಿದರೆ ಯಾವ ಗುಂಪಿನ ರೋಗಿಯ ಸ್ಥಿತಿಯೂ ನಮಗೆ ಗೊತ್ತಾಗುವುದಿಲ್ಲ.

ನಾನು ಉಪಯೋಗಿಸುವ ಅಳತೆ ಇದು: ಲೇಖಕರ ತೀರ್ಮಾನದ ವಾಕ್ಯದಿಂದ ಒಂದೊಂದೇ ತುಂಡು ತೆಗೆಯುತ್ತಾ ಹೋಗಿ. ಯಾವ ತುಂಡು ತೆಗೆದಾಗ ವೈದ್ಯರು ಮಾಡುವ ಕೆಲಸವೇ ಬದಲಾಗುತ್ತದೋ ಅದನ್ನು ಮುಟ್ಟಬಾರದು. 2021ರ ಎರಡನೇ ಅಲೆಯಲ್ಲಿ ಮನೆಯಲ್ಲೇ ಇದ್ದು, ಆಕ್ಸಿಜನ್ ಮಟ್ಟ ಚೆನ್ನಾಗಿದ್ದವರೂ ಸ್ಟೆರಾಯ್ಡ್ ನುಂಗಿದ್ದು ನಮಗೆಲ್ಲ ನೆನಪಿದೆ, ಅಲ್ವಾ? "ಯಾರಿಗೆ" ಎಂಬುದು ಬಿದ್ದುಹೋದರೆ ಸಾರಾಂಶ ಓದಿದವರು ಮಾಡುವುದೂ ಅದನ್ನೇ.

ಸರಿ, ನಾನು ಮೊದಲು ಬರೆದ ಕರಡು ಹೀಗಿತ್ತು. ಬೆರಳು ಅಡ್ಡ ಇದ್ದರೂ ಪಟ್ಟಿಯ ಅಂಕಿಗಳು ಸಿಕ್ಕಿದ್ದವು, ಹಾಗಾಗಿ ಮೂರೂ ಗುಂಪು ಇದರಲ್ಲಿವೆ.

"ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಡೆದ ರಿಕವರಿ ಎಂಬ ದೊಡ್ಡ ಪ್ರಯೋಗದಲ್ಲಿ, ಕೋವಿಡ್‌ನಿಂದ ದಾಖಲಾದ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಲಾಯಿತು. 2104 ಜನರಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಗರಿಷ್ಠ 10 ದಿನ ಡೆಕ್ಸಾಮೆಥಾಸೋನ್ ಕೊಡಲಾಯಿತು. 4321 ಜನರಿಗೆ ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕಿತು. 28 ದಿನಗಳೊಳಗೆ ಮೊದಲ ಗುಂಪಿನಲ್ಲಿ 22.9% ಜನ, ಎರಡನೇ ಗುಂಪಿನಲ್ಲಿ 25.7% ಜನ ಸತ್ತರು. ವೆಂಟಿಲೇಟರ್‌ನಲ್ಲಿದ್ದವರಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ ಇತ್ತು: 29.3% ಮತ್ತು 41.4%. ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ 23.3% ಮತ್ತು 26.2%. ಆಕ್ಸಿಜನ್ ಬೇಕಿಲ್ಲದವರಲ್ಲಿ ಲಾಭ ಕಾಣಲಿಲ್ಲ."

61 ಪದ. 21 ತೆಗೆಯಬೇಕು. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ, ಬಾಲ ಕತ್ತರಿಸಿದೆ. ಕೊನೆಯ ಮೂರು ವಾಕ್ಯ ತೆಗೆದರೆ 43. "ಎಂಬ", "ದೊಡ್ಡ", ಒಂದು "ಜನ" ತೆಗೆದರೆ 40. ಬೀಗಿದೆ. ಉಳಿದದ್ದರಲ್ಲಿ ಚೀಟಿ ಎತ್ತಿದ್ದು, ಮಿಲಿಗ್ರಾಂ, ದಿನಗಳು ಎಲ್ಲ ಇದ್ದವು. ಯಾರಿಗೆ ಎಂಬುದು ಮಾತ್ರ ಇರಲಿಲ್ಲ.

ಲೇಖನ ನಡೆದ ಕ್ರಮದಲ್ಲೇ, ಅಂದರೆ ಮೊದಲು ವಿಧಾನ, ಆಮೇಲೆ ಫಲಿತಾಂಶ ಅಂತ ಬರೆದದ್ದೇ ತಪ್ಪಿನ ಮೂಲ. ಹಾಗೆ ಬರೆದರೆ ಬೆಲೆಯುಳ್ಳದ್ದು ಯಾವಾಗಲೂ ಬಾಲದಲ್ಲಿ ಇರುತ್ತದೆ, ಕತ್ತರಿ ಬೀಳುವುದೂ ಅಲ್ಲೇ. ಎರಡನೇ ಸಲ ಕರಡನ್ನು ಪಕ್ಕಕ್ಕಿಟ್ಟು, ಷರತ್ತಿನ ವಾಕ್ಯವನ್ನು ಮೊದಲು ಬರೆದೆ. ಅದು ಎಷ್ಟು ಪದ ತಿನ್ನುತ್ತದೋ ತಿನ್ನಲಿ, ಉಳಿದದ್ದರಲ್ಲಿ ಬೇರೆಯದಕ್ಕೆ ಜಾಗ ಅಂತ ಲೆಕ್ಕ ಹಾಕಿದೆ. ಬಂದದ್ದು ಇದು:

"ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ, ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳ ಪೈಕಿ ಸೇರ್ಪಡೆಯ ಹೊತ್ತಿಗೆ ಆಕ್ಸಿಜನ್ ಅಥವಾ ವೆಂಟಿಲೇಟರ್ ಬೇಕಾಗಿದ್ದವರಲ್ಲಿ ಡೆಕ್ಸಾಮೆಥಾಸೋನ್ ಸಾವನ್ನು ತಗ್ಗಿಸಿತು, ಎರಡೂ ಬೇಕಿಲ್ಲದವರಲ್ಲಿ ಲಾಭ ಕಾಣಲಿಲ್ಲ. 28 ದಿನಗಳೊಳಗೆ ವೆಂಟಿಲೇಟರ್‌ನಲ್ಲಿದ್ದವರ ಪೈಕಿ ಔಷಧ ಪಡೆದವರಲ್ಲಿ 29.3%, ಮಾಮೂಲಿ ಚಿಕಿತ್ಸೆಯವರಲ್ಲಿ 41.4% ಜನ ಸತ್ತರು. ಆಕ್ಸಿಜನ್‌ನಲ್ಲಿದ್ದವರ ಪೈಕಿ ಕ್ರಮವಾಗಿ 23.3%, 26.2%."

38 ಪದ. "ಸೇರ್ಪಡೆಯ ಹೊತ್ತಿಗೆ" ಎಂಬ ಎರಡು ಪದ ದಂಡ ಅನ್ನಿಸಬಹುದು. ದಂಡ ಅಲ್ಲ. ಗುಂಪು ಮಾಡಿದ್ದು ಪ್ರಯೋಗಕ್ಕೆ ಸೇರಿಸಿಕೊಂಡ ದಿನದ ಸ್ಥಿತಿ ನೋಡಿ. ಆಮೇಲೆ ಯಾರಿಗೆ ವೆಂಟಿಲೇಟರ್ ಬೇಕಾಯಿತು ಎಂಬುದು ಬೇರೆ ಪ್ರಶ್ನೆ.

"ಲಾಭ ಕಾಣಲಿಲ್ಲ" ಎಂಬಲ್ಲಿಯೂ ಒಂದು ಗುಂಡಿ ಇದೆ. 17.8%, 14.0% ನೋಡಿ ನನ್ನ ಜೊತೆಯವರೊಬ್ಬರು "ಹಾನಿಯಾಯಿತು" ಅಂತ ಬರೆದರು. ಒಂದು ಪದ ಉಳಿಯಿತು ನಿಜ. ಆದರೆ ಔಷಧ ಸಿಕ್ಕವರ ಸಾವನ್ನು ಸಿಗದವರದ್ದಕ್ಕೆ ಹೋಲಿಸಿದ ಅನುಪಾತ ಆ ಗುಂಪಿನಲ್ಲಿ 1.19. 1 ಅಂದರೆ ವ್ಯತ್ಯಾಸವೇ ಇಲ್ಲ ಅಂತ. ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ, ಅಂದರೆ ವಿಶ್ವಾಸ ಶ್ರೇಣಿ, 1ರ ಎರಡೂ ಕಡೆ ಚಾಚಿದೆ. ಔಷಧದಿಂದ ಕೆಡುಕಾಯಿತು ಅನ್ನುವಷ್ಟು ಗಟ್ಟಿ ಸಾಕ್ಷಿ ಅಲ್ಲಿಲ್ಲ. ಒಂದು ಪದ ಉಳಿಸಲು ಹೋಗಿ ಲೇಖಕರು ಹೇಳದ್ದನ್ನು ಹೇಳಿದ ಹಾಗಾಯಿತು.

ಅಂಕಿಗಳ ಆಯ್ಕೆಯಲ್ಲೂ ಎಚ್ಚರ ಬೇಕು. ಲೇಖನ ವೆಂಟಿಲೇಟರ್ ಗುಂಪಿಗೆ 0.64 ಎಂಬ ಅನುಪಾತ ಕೊಡುತ್ತದೆ. ಅದು ವಯಸ್ಸಿನ ವ್ಯತ್ಯಾಸ ಸರಿಹೊಂದಿಸಿ ತೆಗೆದದ್ದು. 29.3ನ್ನು 41.4ರಿಂದ ಭಾಗಿಸಿದರೆ 0.71 ಬರುತ್ತದೆ, 0.64 ಅಲ್ಲ. ಇಕ್ಕಟ್ಟಿನಲ್ಲಿ ಎರಡನ್ನೂ ಹಾಕಿದರೆ ಓದುವವರು ಭಾಗಿಸಿ ನೋಡಿ ಗೊಂದಲಕ್ಕೆ ಬೀಳುತ್ತಾರೆ, ವಿವರಿಸಲು ನಮ್ಮ ಬಳಿ ಜಾಗ ಇರುವುದಿಲ್ಲ. ಒಂದೇ ಜಾತಿಯ ಅಂಕಿ ಇಟ್ಟುಕೊಳ್ಳಿ. ನಾನು ಶೇಕಡಾ ಜೋಡಿಯನ್ನೇ ಇಟ್ಟುಕೊಂಡೆ, ಯಾಕೆಂದರೆ ಎಷ್ಟು ಜನ ಸತ್ತರು ಎಂಬುದು ಅದರಲ್ಲಿ ನೇರವಾಗಿ ಕಾಣುತ್ತದೆ.

ಎಣಿಕೆಯ ಬಗ್ಗೆ ಒಂದು ಸಣ್ಣ ಮಾತು. ಕಂಪ್ಯೂಟರ್ ಎಣಿಸುವುದು ನಡುವಿನ ಖಾಲಿ ಜಾಗ ನೋಡಿ. "29.3%" ಅಂದರೆ ಒಂದು ಪದ, "ಶೇ. 29.3" ಅಂದರೆ ಎರಡು. ನಾಲ್ಕು ಕಡೆ "ಶೇ." ಹಾಕಿದ್ದರೆ ನನ್ನದು 42 ಆಗಿ ಸೊನ್ನೆ ಸಿಗುತ್ತಿತ್ತು. ಕನ್ನಡದಲ್ಲಿ "ವೆಂಟಿಲೇಟರ್‌ನಲ್ಲಿದ್ದವರ" ಎಂಬ ರೈಲುಗಾಡಿಯೂ ಒಂದೇ ಪದ. ಇದು ನಮಗೆ ಸಿಕ್ಕ ಲಾಭ. ಹಾಗಂತ ಸೇರಬಾರದ ಪದಗಳನ್ನು ಸುಮ್ನೆ ಅಂಟಿಸಿದರೆ ಕೈಯಲ್ಲಿ ಎಣಿಸುವ ಮೇಡಂಗೆ ಗೊತ್ತಾಗಿಯೇ ಆಗುತ್ತದೆ.

ಕೊಡುವ ಮೊದಲು ಎರಡೂ ಸಾರಾಂಶಗಳನ್ನು ಲೇಖನ ಓದಿರದ ರೂಮ್‌ಮೇಟ್‌ಗೆ ತೋರಿಸಿ, "ಈ ಔಷಧ ಯಾರಿಗೆ ಕೊಡಬೇಕು?" ಅಂತ ಕೇಳಿದೆ. ಹಳೆಯದನ್ನು ಓದಿ "ಆಸ್ಪತ್ರೆ ಸೇರಿದ ಎಲ್ಲರಿಗೂ" ಅಂದ. ಹೊಸದನ್ನು ಓದಿ "ಆಕ್ಸಿಜನ್ ಹಾಕಿದವರಿಗೆ, ವೆಂಟಿಲೇಟರ್‌ನಲ್ಲಿ ಇರುವವರಿಗೆ" ಅಂದ. ಆಮೇಲೆ "ಎಷ್ಟು ಕೊಡಬೇಕು?" ಅಂತ ಕೇಳಿದ. "ದಿನಕ್ಕೆ 6 ಮಿಲಿಗ್ರಾಂ" ಅಂತ ಸೇರಿಸಲು ಮೂರು ಪದ ಬೇಕು, ನನ್ನ ಹತ್ತಿರ ಉಳಿದದ್ದು ಎರಡು. "ಬ್ರಿಟನ್ನಿನ" ತೆಗೆದರೆ ಹಿಡಿಯುತ್ತದೆ. ತೆಗೆಯಲಿಲ್ಲ. ತೆಗೆಯಬೇಕಿತ್ತಾ ಅಂತ ಈಗಲೂ ಅನುಮಾನ ಇದೆ.